ಓಬಳೇಶಪ್ಪ ಬರೆದ ಎರಡನೇ ಚಲನ್

ಕೊಟ್ಟೂರಿನ ಓಬಳೇಶಪ್ಪನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಐವತ್ತೆಂಟನೇ ವಯಸ್ಸಿಗೆ. ಅಲ್ಲಿಯವರೆಗೆ ಅವನೇನು ಸಂತನಾಗಿರಲಿಲ್ಲ. ಹೊಟ್ಟೆ ಉರಿಸುವಂಥವರು ಯಾರೂ ಎದುರಿಗಿರಲಿಲ್ಲ, ಅಷ್ಟೆ. ಇಪ್ಪತ್ತೈದು ವರ್ಷ ಊರ ಅಂಗಡಿಕಾರರ ತೆರಿಗೆ ಚಲನ್ ಬರೆದವನು ಅವನೇ. ಕಾರ್ಬನ್ ಇಟ್ಟು ಒತ್ತಿ ಬರೆದರೆ ನಾಲ್ಕನೇ ಪ್ರತಿಯಲ್ಲೂ ಅಕ್ಷರ ದುಂಡಗೆ ಮೂಡುತ್ತಿತ್ತು. ತೆರಿಗೆ ವಿಷಯದಲ್ಲಿ ಅವನ ಮಾತಿಗೆ ಎದುರಾಡುವವರೇ ಇರಲಿಲ್ಲ.

2009ರಲ್ಲಿ ಅರ್ಚನಾ ಎಂಬ ಹುಡುಗಿ ಅವನು ಕೂರುವ ಜಾಗದ ಎದುರು ಸಾಲಿನಲ್ಲೇ ಇಂಟರ್‌ನೆಟ್ ಅಂಗಡಿ ತೆರೆದಳು. ವ್ಯಾಪಾರಿಗಳ ವ್ಯಾಟ್ ತೆರಿಗೆಯನ್ನು ಕೂತಲ್ಲೇ ಕಟ್ಟಿಕೊಡತೊಡಗಿದಳು. ಒಬ್ಬೊಬ್ಬರೇ ಅತ್ತ ಜಾರಿದರು. ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಮುಜೀಬನೂ ಅವಳ ಮೆಟ್ಟಿಲು ಹತ್ತಿದ ದಿನ ಓಬಳೇಶಪ್ಪನಿಗೆ ಅನ್ನ ಸೇರಲಿಲ್ಲ.

ಅದೇ ಮುಜೀಬ ಒಂದು ತಿಂಗಳ ಹತ್ತೊಂಬತ್ತನೇ ತಾರೀಖು ಓಡುತ್ತ ಬಂದ.

"ಕಾಕಾ, ಕೆಟ್ಟೆ ನೋಡ್ರಿ! ತೆರಿಗಿ ಕಟ್ಟೂವಾಗ ನೆಟ್ ಹೋತು. ಖಾತ್ಯಾಗ ರೊಕ್ಕ ಹೋಗೈತಿ, ಸರಕಾರದ ಸೈಟಿನ್ಯಾಗ ಪೆಂಡಿಂಗ್ ಅಂತ ಐತಿ. ನಾಳಿ ಕಡೀ ದಿನ. ಅರ್ಚನಾ ನೋಡಿದ್ರ, ಮತ್ತ ಕಟ್ಟಬ್ಯಾಡ್ರಿ, ಎರಡು ದಿನ ಕಾಯ್ರಿ ಅಂತಾಳ."

ಅವಳು ಹೇಳಿದ್ದು ಸರಿ ಎಂದು ಓಬಳೇಶಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹರಪನಹಳ್ಳಿಯ ವ್ಯಾಪಾರಿಯೊಬ್ಬನಿಗೂ ಹೀಗೇ ಆಗಿತ್ತು. ಹಣ ಕಡಿತವಾದ ನಂಬರು ಇಟ್ಟುಕೊಂಡಿರಿ, ಬ್ಯಾಂಕಿನ ಲೆಕ್ಕ ಇಲಾಖೆಗೆ ತಲುಪಿದ ಮೇಲೆ ಜಮಾ ತೋರಿಸುತ್ತದೆ, ಇಲ್ಲವಾದರೆ ಹಣ ಖಾತೆಗೇ ವಾಪಸ್ ಬರುತ್ತದೆ ಎಂದು ಬ್ಯಾಂಕಿನವರು ಓಬಳೇಶಪ್ಪನೆದುರಿಗೇ ಹೇಳಿದ್ದರು.

ಆದರೆ ಎದುರು ಸಾಲಿನಲ್ಲಿ ಅರ್ಚನಾ ಯಾರೊಂದಿಗೋ ನಗುತ್ತಿದ್ದಳು. ಆ ನಗು ಅವನ ಹೊಟ್ಟೆಗೆ ಬೆಂಕಿ ಇಟ್ಟಿತು.

"ದಂಡ ಬಿದ್ರ ಆಕಿ ಕಟ್ತಾಳೇನು? ಇವತ್ತ ಬ್ಯಾಂಕಿನ್ಯಾಗ ಡಿ.ಡಿ. ತಗಸು. ನಾ ಚಲನ್ ಬರೀತೀನಿ."

ಮುಂಗಾರಿನ ಸಾಮಾನಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಮುಜೀಬ ಡಿ.ಡಿ. ತೆಗೆಸಿದ. ಓಬಳೇಶಪ್ಪ ಆ ದಿನ ಬರೆದಷ್ಟು ಚೆಂದದ ಚಲನ್ ಹಿಂದೆಂದೂ ಬರೆದಿರಲಿಲ್ಲ.

ಮೂರನೇ ದಿನ ಮುಜೀಬನ ಜೊತೆ ಅರ್ಚನಾಳೇ ಬಂದಳು, ಕೈಯಲ್ಲಿ ಪ್ರಿಂಟು ಹಿಡಿದು.

"ನಾ ಕಟ್ಟಿದ್ದು ಅವತ್ತಿನ ತಾರೀಖಿಗೇ ಜಮಾ ಆಗೈತಿ ಕಾಕಾ. ನಿಮ್ಮ ಡಿ.ಡಿ.ನೂ ಜಮಾ ಆಗೈತಿ. ಹೆಚ್ಚಾಗಿದ್ದನ್ನ ಮುಂದಿನ ತಿಂಗಳ ತೆರಿಗಿಗೆ ಹಿಡೀಬೇಕು. ಅಲ್ಲೀತನಕ ಇವರು ಅಂಗಡಿಗೆ ಸಾಮಾನು ಹೆಂಗ ತರಬೇಕ್ರಿ? ಕಾದ್ರ ಸರಿಹೋಗತೈತಿ ಅಂತ ನಿಮಗ ಗೊತ್ತಿರಲಿಲ್ಲೇನು?"

ಗೊತ್ತಿತ್ತು ಎಂದರೆ ದ್ರೋಹಿ. ಗೊತ್ತಿರಲಿಲ್ಲ ಎಂದರೆ ದಡ್ಡ. ಓಬಳೇಶಪ್ಪ ಕಾರ್ಬನ್ ಹಾಳೆಗಳನ್ನು ಜೋಡಿಸತೊಡಗಿದ.

ಅವನ ಪರವಾಗಿ ಮುಜೀಬನೇ ಮಾತಾಡಿದ: "ಬಿಡವ್ವಾ. ವಯಸ್ಸಾಗೈತಿ. ಕಾಕಾಗ ಇದೆಲ್ಲ ಏನು ತಿಳೀತೈತಿ?"

ಇಪ್ಪತ್ತೈದು ವರ್ಷ ಎಲ್ಲ ತಿಳಿದವನೆನಿಸಿಕೊಂಡಿದ್ದ ಓಬಳೇಶಪ್ಪ, ಅರ್ಚನಾಳ ಎದುರಿಗೇ ತಲೆಯಾಡಿಸಿದ.

"ಹೌದವ್ವಾ," ಎಂದ, "ನನಗೇನು ತಿಳೀತೈತಿ."