ಬಾಗಿಲ ಹಿಂದಿನ ಮೂವತ್ತಾರು ಚೌಕ

ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದೆ ಶಿವರಾಯನ ಮೋಟರ್ ರಿಪೇರಿ ಅಂಗಡಿ ಇತ್ತು. ಹೊಳೆಗಿಳಿಸಿದ ಪಂಪು ಸುಟ್ಟರೆ ರೈತರು ಚಕ್ಕಡಿಯಲ್ಲಿ ಹೇರಿಕೊಂಡು ಅಲ್ಲಿಗೇ ಬರುತ್ತಿದ್ದರು. ಅವನ ಕೈಗುಣ ಅಂಥದು. ಆದರೆ ಆ ಅಂಗಡಿ ಮುಳುಗದೆ ಉಳಿದದ್ದು ಅವನ ಹೆಂಡತಿ ಕಸ್ತೂರಿಬಾಯಿಯ ತಲೆಯಿಂದ ಎಂಬುದನ್ನು ಶಿವರಾಯನೇ ಬಂದವರಿಗೆಲ್ಲ ಹೇಳುತ್ತಿದ್ದ.

ಕಸ್ತೂರಿಬಾಯಿ ಕಲಬುರ್ಗಿಯಲ್ಲಿ ಹತ್ತನೆಯ ಇಯತ್ತೆವರೆಗೆ ಓದಿದವಳು. ಚಿಂತೆ ಮಾಡುವುದು ಅವಳ ಹುಟ್ಟುಗುಣ. ಎರಡು ವರ್ಷದ ಮಗಳು ಒಂದು ಸಲ ಕೆಮ್ಮಿದರೆ ಮೂರು ಸಲ ಹಣೆ ಮುಟ್ಟಿ ನೋಡುವಳು. ಹಾಲು ಉಕ್ಕುವ ಮೊದಲೇ ಉಕ್ಕೀತೆಂದು ಎದ್ದು ನಿಲ್ಲುವಳು. "ಆಗೂದಕ್ಕಿಂತ ಮೊದಲ ಅಳ್ತೀಯಲ್ಲ ಬೇ," ಎಂದು ಅತ್ತೆ ಹೀರಾಬಾಯಿ ನಗುತ್ತಿದ್ದಳು.

೧೯೮೭ರ ಮಾಘದಲ್ಲಿ ಶಿವರಾಯ ಹಿಗ್ಗಿನಿಂದ ಮನೆಗೆ ಬಂದ. ಭೀಮೆಯ ದಂಡೆಯ ಏತನೀರಾವರಿ ಸಂಘದವರು ತಮ್ಮ ಪಂಪುಗಳನ್ನೆಲ್ಲ ಮೂರು ವರ್ಷ ನೋಡಿಕೊಳ್ಳುವ ಕರಾರು ಅವನಿಗೇ ಕೊಡುತ್ತೇವೆಂದಿದ್ದರು. ಯುಗಾದಿಯಿಂದ ಶುರು. ಮೊದಲ ವರ್ಷ ಹತ್ತು ಪಂಪು, ಎರಡನೆಯ ವರ್ಷ ಇಪ್ಪತ್ತು, ಮೂರನೆಯ ವರ್ಷ ಮೂವತ್ತು. ಪಂಪಿಗೆ ವರ್ಷಕ್ಕೆ ಎರಡು ಸಾವಿರದ ನಾಲ್ಕುನೂರು. ಹೀಗೆ ಇಪ್ಪತ್ತನಾಲ್ಕು ಸಾವಿರದಿಂದ ಏರಿ ಎಪ್ಪತ್ತೆರಡು ಸಾವಿರಕ್ಕೆ ಮುಟ್ಟುವ ಕೆಲಸ. ಬಿಡಿ ಸಾಮಾನು ಮಾತ್ರ ಅವನದೇ.

"ರೊಕ್ಕ ಯಾವಾಗ ಕೊಡ್ತಾರ್ರಿ?" ಎಂದಳು ಕಸ್ತೂರಿಬಾಯಿ.

"ಮೂರು ತಿಂಗಳಿಗೊಮ್ಮೆ. ಕೆಲಸ ಮುಗದ ಮ್ಯಾಲ. ನಾ ಹೂಂ ಅಂದು ಬಂದೇನಿ. ಬರೂ ಸೋಮವಾರ ಸಹಿ."

ಆ ರಾತ್ರಿ ಅವಳು ತಿಂಗಳುಗಳನ್ನು ಬೆರಳಲ್ಲಿ ಎಣಿಸುತ್ತಲೇ ಮಲಗಿದಳು. ಮರುದಿನ ಅತ್ತೆ, ಮಗಳೊಂದಿಗೆ ಅಂಗಡಿಗೆ ಹೋಗಿ, ಬಾಗಿಲ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಮೂರು ಸಾಲು ಎಳೆದಳು. ಸಾಲಿಗೆ ಹನ್ನೆರಡು ಚೌಕ, ತಿಂಗಳಿಗೊಂದು. ಶಿವರಾಯ ತಂತಿ ಸುತ್ತುತ್ತಲೇ ಓರೆಗಣ್ಣಿನಿಂದ ನೋಡಿದ.

"ಕುಂಟಪಿಲ್ಲಿ ಆಡ್ತೀಯೇನು?"

"ಆಡಿಸವ್ರು ನೀವು. ಹೇಳ್ರಿ, ಹತ್ತು ಪಂಪಿಗೆ ವರ್ಷದ ಬೇರಿಂಗು, ಇಂಪೆಲ್ಲರು, ತಂತಿ ಎಷ್ಟಕ್ಕ ಬರ್ತಾವ?"

"ಏಳು ಸಾವಿರ. ಸೊಲ್ಲಾಪುರದಾಗ. ಯುಗಾದಿಗೇ ತಂದಿಡಬೇಕು, ಬ್ಯಾಸಗ್ಯಾಗ ಪಂಪ ನಿಂತ್ರ ಕಬ್ಬ ಒಣಗ್ತದ."

"ಸೊಲ್ಲಾಪುರದಾವ ಉದ್ರಿ ಕೊಡ್ತಾನೇನು?"

"ನಗದ ಇಲ್ದ ಅಂಗಡಿ ಮೆಟ್ಲ ಹತ್ತಗೊಡಂಗಿಲ್ಲ."

ಅವಳು ಮೊದಲ ಚೌಕದಲ್ಲಿ ಏಳು ಬರೆದಳು. ಆಳಿನ ಪಗಾರ, ಓಡಾಟದ ಖರ್ಚು ತಿಂಗಳಿಗೆ ಒಂದು ಸಾವಿರ. ಮೂರು ತಿಂಗಳು ತುಂಬುವಾಗ ಹತ್ತು ಸಾವಿರ ಹೊರಗೆ ಹೋಗಿರುತ್ತದೆ. ಆಗ ಸಂಘ ಕೊಡುವುದು ಆರು ಸಾವಿರ. ವರ್ಷ ಮುಗಿದಾಗ ಕೈಯಲ್ಲಿ ಉಳಿಯುವುದು ಐದು.

"ಉಳಿತಲ್ಲ!" ಎಂದ ಶಿವರಾಯ.

"ಎರಡನೇ ಸಾಲು ನೋಡ್ರಿ. ಪಂಪು ಇಪ್ಪತ್ತಾದವು. ಸಾಮಾನಿಗೆ ಹದಿನಾಲ್ಕು ಸಾವಿರ ಯುಗಾದಿ ದಿನನ ಬೇಕು. ಆಳು ಇಬ್ಬರು, ತಿಂಗಳಿಗೆ ಎರಡು ಸಾವಿರ. ಸಂಘದಿಂದ ಇಪ್ಪತ್ತು ಪಂಪಿನ ರೊಕ್ಕ ಬರೂದು ಜೇಷ್ಠ ದಾಟಿದ ಮ್ಯಾಲ. ಉಳಿದ ಐದೂ ಹೋಗಿ ಮ್ಯಾಲ ಹದಿನೈದು ಸಾವಿರ ಗುಂಡಿ ಬೀಳ್ತದ. ಮೂರನೇ ವರ್ಷನೂ ಅಷ್ಟ. ಕೆಲಸ ಏರಿದಂಗ ಖರ್ಚು ಮೊದಲ ಏರ್ತದ್ರಿ, ರೊಕ್ಕ ಮೂರು ತಿಂಗಳ ಹಿಂದಿಂದ ಕುಂಟಕೋತ ಬರ್ತದ."

ಶಿವರಾಯನ ಕೈಯ ತಂತಿ ನಿಂತಿತು. ಅಷ್ಟು ಸಾಲ ಎತ್ತಬೇಕೆಂದರೆ ಅಂಗಡಿಯಲ್ಲಿದ್ದ ಒಂದೇ ಲೇತ್ ಮಷೀನನ್ನು ಸಾವಕಾರನಿಗೆ ಒತ್ತೆಯಿಡಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅವಳು ಚೌಕ ಚೌಕ ಕೂಡಿಸಿದಳು. ಸಂಘ ಒಂದು ದಿನವೂ ತಡಮಾಡದಿದ್ದರೂ ಬಡ್ಡಿಯೇ ಮೂರು ಸಾವಿರದ ಏಳುನೂರರ ಮೇಲೆ. ಒಂದು ಕಂತು ತಡವಾದರೆ ಲೇತೇ ಹೋಗುತ್ತಿತ್ತು.

"ವರ್ಷದ್ದು ವರ್ಷದ ಮೊದಲಿಗೇ ಕೇಳ್ರಿ," ಎಂದಳು.

ಶಿವರಾಯ ಕೆರಳಿದ. "ದುಡಿಮಿ ಮೊದಲ, ಕೂಲಿ ಆಮ್ಯಾಲ. ನಮ್ಮಪ್ಪ ಕಲಿಸಿದ್ದು ಅದನ. ಮುಂಗಡ ತಗೊಂಡು ಕಬ್ಬ ಕಡಿಯಾಕ ಹೋಗೋರಂಗ ನಾನೂ ಕೈ ಒಡ್ಡಲೇನು?"

"ಬಸ್ಸಿನ್ಯಾಗ ಟಿಕೀಟು ಇಳದ ಮ್ಯಾಲ ತಗೋತೀರೇನ್ರಿ? ಕಂಡಕ್ಟರ್ ಭಿಕ್ಷಾ ಬೇಡಿದಂಗಾತೇನು?"

ಮೂಲೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದ ಹೀರಾಬಾಯಿ ಕಿಸಕ್ಕೆಂದಳು. "ಸೋತ್ಯೋ ತಮ್ಮಾ!"

ಸೋಮವಾರ ಸಂಘದ ಕಚೇರಿಗೆ ಅವಳೂ ಹೋದಳು. ಮಗಳು ಕಂಕುಳಲ್ಲಿ, ಲೆಕ್ಕ ಚೀಟಿಯಲ್ಲಿ. ದಾರಿಯುದ್ದಕ್ಕೂ, ಬಾಯಿಬಿಟ್ಟು ಇದ್ದ ಕೆಲಸವನ್ನೂ ಕಳೆದರೆ ಏನು ಗತಿ ಎಂಬ ಅಂಜಿಕೆ. ಅಧ್ಯಕ್ಷ ದೌಲತರಾಯಗೌಡರು ದೊಡ್ಡ ಜಮೀನುದಾರರು. ಲೆಕ್ಕ ಬರೆಯುವ ಕಾರ್ಯದರ್ಶಿ ಮುರ್ತುಜಾ, ಮಿತಭಾಷಿ.

"ವರ್ಷದ ರೊಕ್ಕ ಮೊದಲ ಕೊಟ್ಟು, ನಿನ್ನ ಗಂಡ ಆಷಾಢದಾಗ ಕೈ ಕೊಟ್ರ ಏನ್ ಮಾಡೂದವ್ವಾ ತಂಗಿ?" ಎಂದರು ಗೌಡರು.

ಅವಳು ಚೀಟಿ ಬಿಚ್ಚಿ ಗೌಡರ ಮುಂದಿಟ್ಟಳು. "ನಿಮ್ಮ ರೊಕ್ಕದಿಂದ ತಂದ ಸಾಮಾನೆಲ್ಲ ನಿಮ್ಮ ಪಂಪ್‌ಹೌಸಿನ ಖೋಲ್ಯಾಗ ಇಡ್ತೀವ್ರಿ. ಕೀಲಿ ಮುರ್ತುಜಾಸಾಬರ ಕಡೆ ಇರ್ಲಿ. ಬೇಕಾದಷ್ಟು ಬರೆದುಕೊಟ್ಟು ಒಯ್ತೀವಿ. ಮತ್ತ ಮೊದಲಿಗೆ ಕೊಟ್ರ ಪಂಪಿಗೆ ಐವತ್ತು ರೂಪಾಯಿ ಕಮ್ಮಿ. ಮೂರು ವರ್ಷಕ್ಕ ನಿಮಗ ಮೂರು ಸಾವಿರ ಉಳೀತದ."

"ಸಂಘದಾಗ ಆಗ ರೊಕ್ಕ ಇರ್ತದೇನು ಮುರ್ತುಜಾ?"

ಮುರ್ತುಜಾ ಕನ್ನಡಕ ಏರಿಸಿದ. "ಇರ್ತದ್ರಿ ಗೌಡ್ರ. ಕಬ್ಬಿನ ಬಿಲ್ಲು ಬಂದ ಕೂಡ್ಲೆ ಎಲ್ಲಾರೂ ನೀರಿನ ಪಟ್ಟಿ ಕಟ್ತಾರ. ಯುಗಾದಿಗೆ ಖಜಾನಿ ಫುಲ್. ಆದ್ರ ಅದು ಚಾಲ್ತಿ ಖಾತ್ಯಾಗ ಬಡ್ಡಿ ಇಲ್ದ ದೀಪಾವಳಿತನ ಮಲಗಿರ್ತದ." ಆಮೇಲೆ ಅವಳ ಕಡೆ ತಿರುಗಿ, "ವೈನಿ, ಈ ಹಿಸಾಬ ನೀವ ಮಾಡಿದ್ರೇನು?" ಎಂದ.

"ಚಿಂತಿ ಮಾಡಿಸ್ತುರಿ," ಎಂದಳು.

ಗೌಡರು ಹೊಟ್ಟೆ ಕುಣಿಸಿ ನಕ್ಕರು. "ನನ್ನ ಮನ್ಯಾಗೂ ಒಬ್ಬಾಕಿ ಚಿಂತಿ ಮಾಡ್ತಾಳ. ರೊಕ್ಕ ಉಳಸೂ ಚಿಂತಿ ಒಂದೂ ಮಾಡಂಗಿಲ್ಲ!" ಎಂದು ಕರಾರಿನ ಕಾಗದ ಹೊಸದಾಗಿ ಬರೆಯಲು ಹೇಳಿದರು.

ಆ ಯುಗಾದಿಗೆ ಇಪ್ಪತ್ತಮೂರೂವರೆ ಸಾವಿರ ಬಂತು, ಮರುವರ್ಷ ನಲವತ್ತೇಳು, ಅದರ ಮರುವರ್ಷ ಎಪ್ಪತ್ತೂವರೆ. ಮೂವತ್ತಾರು ಚೌಕಗಳಲ್ಲಿ ಒಂದರಲ್ಲೂ ಗುಂಡಿ ಬೀಳಲಿಲ್ಲ. ಯುಗಾದಿಗೆ ಬಂದ ದುಡ್ಡು ಕಂಡು ಮನೆ ಬೀಗಿದಾಗ, "ಇದು ನಮ್ಮದಲ್ಲ, ಇನ್ನೂ ದುಡೀಬೇಕು," ಎಂದು ತಿಂಗಳ ಪಾಲು ಬಿಟ್ಟು ಉಳಿದದ್ದನ್ನು ಅವಳು ಬ್ಯಾಂಕಿಗೆ ಹಾಕುತ್ತಿದ್ದಳು. ಶಿವರಾಯನಂತೂ ಕೂಲಿ ಮೊದಲೇ ಬಂದಿದೆಯಲ್ಲ ಎಂದು ಒಂದು ಪಂಪನ್ನೂ ಒಂದು ದಿನಕ್ಕಿಂತ ಹೆಚ್ಚು ನಿಲ್ಲಗೊಡಲಿಲ್ಲ.

ಸುದ್ದಿ ಜೇವರ್ಗಿ, ಆಳಂದದವರೆಗೆ ಹೋಯಿತು. ಕರಾರು ಹಿಡಿದವರು ಕಸ್ತೂರಿಬಾಯಿಯನ್ನು ಹುಡುಕಿಕೊಂಡು ಬರತೊಡಗಿದರು. ಆಳಂದದಿಂದ ಬಂದ ಲಾಡ್ಲೆಸಾಬ ಟೈಪ್‌ರೈಟರ್ ರಿಪೇರಿಯವ. ಒಂದು ಟೈಪಿಂಗ್ ಶಾಲೆ ಅವನಿಗೆ ವರ್ಷದಿಂದ ವರ್ಷಕ್ಕೆ ಮಷೀನು ಹೆಚ್ಚುವ ಮೂರು ವರ್ಷದ ಕೆಲಸ ಕೊಟ್ಟಿತ್ತು. ಮುಂಗಡ ಬೇಕಾದರೆ ನೂರಕ್ಕೆ ಹತ್ತು ಬಿಡಬೇಕು ಎಂದಿತ್ತು.

"ಬಿಡಲೇನು ಅಕ್ಕಾ?"

"ಬಿಡಿ ಭಾಗ ಯಾರದು?"

"ಶಾಲೀದ."

"ಆಳು?"

"ನಾ ಒಬ್ನ. ಎಣ್ಣಿ ಡಬ್ಬಿ, ಕುಂಚ, ಬಸ್ ಚಾರ್ಜು. ಇಷ್ಟ ನನ್ನ ಬಂಡವಾಳ."

"ಹಂಗಾರ ಮೂರು ತಿಂಗಳಿಗೊಮ್ಮೆನ ತಗೋ."

ಲಾಡ್ಲೆಸಾಬ ಕಕ್ಕಾಬಿಕ್ಕಿಯಾದ. "ನೀವು ಮೊದಲಿಗೆ ತಗೊಂಡ್ರಿ, ನನಗ ಆಮ್ಯಾಲ ಅಂತೀರಿ!"

"ನಮಗ ಗುಂಡಿ ಇತ್ತು, ಪಂಪಿಗೆ ಐವತ್ತು ಬಿಟ್ಟು ಮುಚ್ಚಿದಿವಿ. ನಿನಗ ಗುಂಡಿ ಎಲ್ಲದ? ಸುಮ್ನ ನೂರಕ್ಕ ಹತ್ತು ಯಾಕ ಸುರೀತಿ?" ಆಮೇಲೆ ಅವಳ ಹಳೆಯ ಅಂಜಿಕೆ ಮುಖಕ್ಕೆ ಬಂತು. "ಆದ್ರ ತಮ್ಮಾ, 'ಮೂರು ತಿಂಗಳಾದ ಮ್ಯಾಲ' ಅಂತ ಬರೆದ್ರ ಸಾಲಂಗಿಲ್ಲ. ಯಾವ ತಾರೀಖು ಅಂತ ಬರಸು."