ಕೈಯಲ್ಲಿ ಹಾಕಿದ ತೂಕ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಕೊಯ್ಲು ಶುರುವಾದರೆ ಬೆಳೆಗಾರರ ಕಾಫಿ ತೂಗುವ ಯಂತ್ರಗಳ ಲಾಗ್, ಅಂದರೆ ನಡೆದದ್ದೆಲ್ಲದರ ದಾಖಲೆ, ರಾಶಿ ಬೀಳುತ್ತದೆ, ಅದನ್ನಿಡುವ ಕ್ಲೌಡ್ ಬಾಡಿಗೆ ಬಜೆಟ್ ಮೀರುತ್ತದೆ. ಈ ಸಲ ಮೀಟಿಂಗಿನಲ್ಲಿ ಮ್ಯಾನೇಜರ್ ಉಪಾಯ ಹೇಳಿದರು: "ಎರರ್ ಎಲ್ಲ ಇಡಿ. ಸರಿಯಾಗಿ ಆದದ್ರಲ್ಲಿ ನೂರಕ್ಕೊಂದು ಸಾಕು."

ಎಲ್ಲ ಕಡೆ ಹೀಗೇ ಮಾಡುತ್ತಾರೆ, ನಾನೂ ಒಪ್ಪುವವನಿದ್ದೆ. ಆದರೆ ಲಾಗ್ ಎಂದರೇನೆಂದು ಎಂದೂ ಕೇಳದ ತೂಕದವನು ಅಂದು ಮೀಟಿಂಗಿಗೆ ಬಂದು ಎಲ್ಲರಿಗಿಂತ ಮೊದಲು ಹೌದೆಂದು ತಲೆಯಾಡಿಸಿದ. ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಹುಡುಕಿ ನೋಡಿದೆ. ಯಂತ್ರ ತೋರಿಸಿದ ತೂಕ ಅಳಿಸಿ ಕೈಯಲ್ಲಿ ಬೇರೆ ಅಂಕಿ ಹಾಕಿದರೂ ನಮ್ಮ ವ್ಯವಸ್ಥೆ 'ಸರಿಯಾಗಿ ಆಯಿತು' ಎಂದೇ ಬರೆಯುತ್ತಿತ್ತು. ಮೊದಲಿನ ತೂಕ ಉಳಿಯುವುದು ಲಾಗಿನಲ್ಲಿ ಮಾತ್ರ; ನೂರಕ್ಕೊಂದೇ ಇಟ್ಟರೆ ಅದೂ ಹೋಗುತ್ತದೆ. ಕದ್ದರೆ ಎಲ್ಲಾದರೂ ಎರರ್ ಬರುತ್ತದೆಯೇ!

ಲಾಗಿನ ಬಹುಪಾಲು, ಯಂತ್ರಗಳು ಕ್ಷಣಕ್ಷಣಕ್ಕೂ 'ಚಾಲೂ ಇದ್ದೇನೆ' ಎಂದು ಬರೆಯುವ ಸಾಲುಗಳೇ. ಅವನ್ನು ಉಳಿಸುವುದನ್ನು ನಿಲ್ಲಿಸಿದೆ. ಕೈಯಲ್ಲಿ ಹಾಕಿದ ತೂಕಗಳನ್ನು ಬೆಳೆಗಾರರ ಲೆಕ್ಕ ಮುಗಿಯುವವರೆಗೆ ಒಂದೂ ಬಿಡದೆ ಇಡುವಂತೆ ಮಾಡಿದೆ. ಬಾಡಿಗೆ ಬಜೆಟ್ಟಿನೊಳಗೇ ಬಂತು.

ಮರುದಿನ ತೂಕದವನು ನನಗೂ ಒಂದು ಲೋಟ ಕಾಫಿ ಹಿಡಿದುಕೊಂಡು ಬಂದ. "ಕೈಯಲ್ಲಿ ಹಾಕಿದ್ದೆಲ್ಲ ಉಳೀತದಂತಲ್ಲ ಮಾರಾಯ್ರೆ?"

ಕಾಫಿ ಮುಟ್ಟಲಿಲ್ಲ. ಆ ವಿಷಯ ನಾನು ಹೇಳಿದ್ದು ಮ್ಯಾನೇಜರ್ ಒಬ್ಬರಿಗೇ.