ಸುಮ್ಮನೆ ಕೂತರಾಯಿತು ಎಂಬ ವ್ಯಾಪಾರ

ಮದರಾಸಿನ ಟ್ರಂಕ್ ಕಾಲ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡು ಕೂತ ಕೌಸಲ್ಯಾಗೆ ಗಂಡಸರ ಮಾತಿನ ಮೇಲೆ ದೊಡ್ಡ ಗೌರವವೇನೂ ಉಳಿದಿರಲಿಲ್ಲ. "ಮೂರು ನಿಮಿಷ ಆಯ್ತು ಸಾರ್" ಎಂದರೆ, ಹೇಳಬೇಕಾದದ್ದನ್ನು ಆಗಷ್ಟೇ ನೆನಪಿಸಿಕೊಳ್ಳುವ ಜಾತಿ ಅದು. ನೇರ ಡಯಲ್ಲು ಬಂದು ಆಪರೇಟರುಗಳಿಗೆ ಕೆಲಸ ಕಡಿಮೆಯಾಗುತ್ತಿದ್ದ ಕಾಲ. ವರ್ಷಗಟ್ಟಲೆ ಹೆಡ್‌ಫೋನ್ ಕಟ್ಟಿ ಎಡಗಿವಿ ಮಂದವಾಗಿತ್ತು. ಐವತ್ತೆರಡಕ್ಕೆ ಸ್ವಯಂ ನಿವೃತ್ತಿ ಬರೆದುಕೊಟ್ಟು, ವೆಸ್ಟ್ ಮಾಂಬಲಂನ ಮನೆಗೆ, ವಿಧವೆ ಅಕ್ಕ ಅಂಬುಜಮ್ಮನ ಜೊತೆಗೆ ಬಂದು ಕೂತಳು.

ಪೆನ್ಷನ್ ಸಣ್ಣದು. ಕೈಗೆ ಬಂದ ಗಂಟೂ ದೊಡ್ಡದಲ್ಲ. ಆದರೆ ಆ ಗಂಟಿಗೆ ದಾರಿ ತೋರಿಸಲು ಬಂದವರು ಒಬ್ಬಿಬ್ಬರಲ್ಲ. ಅಪ್ಪಳ ಮಾಡು ಎಂದರು, ಅಪ್ಪಳ ಒಂದೇ ಒಂದು ದಿನ ಒಣಗಿಸಿ ನೋಡದವರು. ಊಟದ ಮೆಸ್ಸು ಇಡು ಎಂದರು, ಹೆಂಡತಿ ಬಡಿಸದೆ ತಟ್ಟೆ ಮುಟ್ಟದವರು. ಎಲ್ಲರ ಬಾಯಲ್ಲೂ ಒಂದೇ ಮಾತು, "ಏನೂ ತಲೆಬಿಸಿ ಇಲ್ಲ."

ತಮ್ಮ ಕಮಲಾಕರ ಬ್ಯಾಂಕಿನವನು. ಹಾಗಾಗಿ ದುಡ್ಡಿನ ವಿಷಯ ತನಗೆ ಹುಟ್ಟಿನಿಂದ ಬಂದದ್ದು ಎಂದುಕೊಂಡವನು. ಭಾನುವಾರ ಕಾಫಿ ಹೀರುತ್ತ ಹೇಳಿದ.

"ಅಕ್ಕಾ, ಟಿ. ನಗರದಲ್ಲಿ ಕಾಂತಪ್ಪನ ಫ್ಯಾನ್ಸಿ ಸ್ಟೋರ್ ಮಾರಾಟಕ್ಕಿದೆ. ಬಳೆ, ರಿಬ್ಬನ್ನು, ಬ್ಲೌಸ್ ಪೀಸು. ನೀನು ಗಲ್ಲಾದಲ್ಲಿ ಸುಮ್ನೆ ಕೂತ್ರೆ ಆಯ್ತು."

"ಅಷ್ಟು ಸುಖವಾಗಿದ್ರೆ ಕಾಂತಪ್ಪ ಯಾಕೆ ಎದ್ದು ಹೋಗ್ತಿದಾನೆ?"

"ಊರಿಗೆ ಹೋಗ್ತಾನಂತೆ. ಎಲ್ಲದರಲ್ಲೂ ಕೊಂಕು ಹುಡುಕ್ಬೇಡ."

"ಕೊಂಕಲ್ಲ. ಒಂದು ವಾರ ನಾನೇ ಕೂತು ನೋಡ್ತೀನಿ. ಆಮೇಲೆ ಮಾತಾಡೋಣ."

ಕಮಲಾಕರ ನಕ್ಕ. ಕಾಂತಪ್ಪನಿಗೆ ನಗು ಬರಲಿಲ್ಲ. ಆದರೂ ಕೊಳ್ಳುವ ಹೆಂಗಸು ಎಂಬ ಆಸೆಗೆ ಸ್ಟೂಲು ಒರೆಸಿಕೊಟ್ಟ.

ಕೌಸಲ್ಯಾ ಕೂತಳು. ಬೀದಿಯಲ್ಲಿ ಜನವೋ ಜನ, ಆದರೆ ಎಲ್ಲರೂ ಪಕ್ಕದ ದೊಡ್ಡ ಸೀರೆ ಅಂಗಡಿಗೆ. ಇಲ್ಲಿಗೆ ಬಂದವರು ಇಡೀ ಶೆಲ್ಫು ಇಳಿಸಿ, "ನಾಳೈಕ್ಕು ವರೇನ್," ನಾಳೆ ಬರ್ತೀನಿ, ಎಂದು ಹೋದರು. ದೀಪಾವಳಿಗೆ ತಂದು ಮಿಕ್ಕ ಬಳೆ ಡಬ್ಬಗಳು ಮೇಲಿನ ಸಾಲಿನಲ್ಲಿ ಧೂಳು ಹಿಡಿದಿದ್ದವು. ಆ ನಮೂನೆ ಈಗ ಯಾರಿಗೂ ಬೇಡ. ಕಟ್ಟಡದವನು ಬಾಡಿಗೆಗೆಂದು ಬಂದಾಗ ಕಾಂತಪ್ಪನ ಬೆನ್ನು ತಾನಾಗಿ ಬಾಗಿತು. ಎಲ್ಲಕ್ಕಿಂತ ದೊಡ್ಡ ಸಂಗತಿ, ಅಂಗಡಿಗೆ ಕಕ್ಕಸಿಲ್ಲ.

"ಹೋಟ್ಲಿಗೆ ಹೋಗಿ ಕಾಫಿ ಕುಡಿದ್ರೆ ಅಲ್ಲಿನ ಕಕ್ಕಸಿಗೆ ಬಿಡ್ತಾರೆ," ಎಂದ ಕಾಂತಪ್ಪ ಮೆಲ್ಲಗೆ.

"ಆಗ ಗಲ್ಲಾ?"

"ಬೀಗ ಹಾಕ್ಬೇಕು."

ಅಂದರೆ ಮೂತ್ರಕ್ಕೆ ಎದ್ದರೆ ವ್ಯಾಪಾರ ಬಂದ್! ಸುಮ್ಮನೆ ಕೂರುವ ಸುಖ ಇದು. ವಾರ ತುಂಬುವ ಮೊದಲೇ ಅವಳು ಕೊಡೆ ಎತ್ತಿಕೊಂಡು ಮನೆಗೆ ಬಂದಳು.

"ನಿನಗೆ ಧೈರ್ಯ ಸಾಲ್ದು," ಎಂದ ಕಮಲಾಕರ. ಛಲಕ್ಕೆ ಅಂಗಡಿಯನ್ನು ಹೆಂಡತಿಯ ಹೆಸರಿಗೆ ತಾನೇ ಹಿಡಿದ. ಗಲ್ಲಾದಲ್ಲಿ ಕೂರಬೇಕಾದ ಸುಮತಿಯನ್ನು ಯಾರೂ ಕೇಳಲಿಲ್ಲ.

ಕೌಸಲ್ಯಾಗೆ ತನ್ನ ದಾರಿ ಕಂಡದ್ದು ಅಕ್ಕನ ಗೊಣಗಾಟದಲ್ಲಿ. "ಬೆಂಗಳೂರಿನ ವಾರಪತ್ರಿಕೆ ಒಂದು ಓದೋಣ ಅಂದ್ರೆ ಸ್ಟೇಷನ್ ತನಕ ಹೋಗ್ಬೇಕು," ಎಂದಳು ಅಂಬುಜಮ್ಮ. ಆ ಕೇರಿಗಳಲ್ಲಿ ರೈಲ್ವೆ, ಇನ್ಶೂರೆನ್ಸಿನ ಕನ್ನಡ ಮನೆಗಳು ಬೇಕಾದಷ್ಟಿದ್ದವು. ಎಲ್ಲರಿಗೂ ಓದುವ ಆಸೆ, ಕೊಳ್ಳುವ ಮನಸ್ಸಿಲ್ಲ.

ಏಜೆಂಟನ ಹತ್ತಿರ ಪ್ರತಿ ಪತ್ರಿಕೆಯ ಕೆಲವೇ ಪ್ರತಿ ಕೊಂಡು, ಕಾಕಿ ರಟ್ಟು ಹಾಕಿ ಮನೆಯಿಂದ ಮನೆಗೆ ಸುತ್ತಿಸತೊಡಗಿದಳು. ಒಂದೊಂದು ಮನೆಯಲ್ಲಿ ಎರಡು ದಿನ. ಮೊದಲು ಓದುವವರಿಗೆ ತಿಂಗಳ ಚಂದಾ ಹೆಚ್ಚು, ಕೊನೆಗೆ ಓದುವವರಿಗೆ ಕಡಿಮೆ. ಹರಿದರೆ ಹಿಡಿದುಕೊಳ್ಳಲು ಚೂರು ಮುಂಗಡ. ಸುತ್ತು ಮುಗಿದ ಮೇಲೆ ರದ್ದಿಗೆ. ಅಂಗಡಿ ಇಲ್ಲ, ಬಾಡಿಗೆ ಇಲ್ಲ, ಗಂಟು ಅಂಚೆ ಕಚೇರಿಯಲ್ಲಿ ಅಲುಗದೆ ಕೂತಿತ್ತು. ಸಂಜೆ ಬಿಸಿಲಿಳಿದ ಮೇಲೆ ಒಂದು ಸುತ್ತು ನಡೆದರೆ ಕೆಲಸ ಮುಗಿಯಿತು. ಸಂಪಾದನೆ ತರಕಾರಿ, ಹಾಲು, ಕಿವಿಯ ಔಷಧಕ್ಕೆ ಸಾಕಾಗುವಷ್ಟು. ಅದಕ್ಕಿಂತ ಹೆಚ್ಚು ಅವಳು ಕೇಳಿಯೂ ಇರಲಿಲ್ಲ.

"ಆಪರೇಟರ್ ಆಗಿದ್ದೋಳು ಪೇಪರ್ ಹಾಕ್ತೀಯಾ? ಮಾನ ಹೋಯ್ತು!" ಎಂದು ಕೂಗಾಡಿದ ಕಮಲಾಕರ.

"ನಿನ್ನ ಮಾನ ಟಿ. ನಗರದಲ್ಲಿದೆ. ಬೀಗ ಹಾಕಿ ಬಂದ್ಯಾ?"

ಮುಂದಿನ ಬೇಸಿಗೆ ಹೊತ್ತಿಗೆ ಆ ಬೀಗ ಕಾಯಂ ಆಯಿತು. ಸುಮತಿ ಒಂದು ದಿನ ಬಾಗಿಲು ಎಳೆದು, ಬೀಗದ ಕೈಯನ್ನು ಗಂಡನ ಊಟದ ತಟ್ಟೆಯ ಪಕ್ಕ ಇಟ್ಟು, "ನೀವೇ ಸುಮ್ನೆ ಕೂತ್ಕೊಳ್ಳಿ," ಎಂದಳಂತೆ. ಕಮಲಾಕರ ಬಳೆಗಳನ್ನು ಪುರಸೈವಾಕ್ಕಂನ ಸಗಟು ವ್ಯಾಪಾರಿಗೆ ಸಿಕ್ಕಿದ ಬೆಲೆಗೆ ಕೊಟ್ಟ. ಕೇಳಿದವರಿಗೆಲ್ಲ, ಮದರಾಸಿನ ಹೆಂಗಸರಿಗೆ ರುಚಿಯಿಲ್ಲ ಎಂದ.

ಸುಮತಿ ಈಗ ವಾರಕ್ಕೆರಡು ಸಂಜೆ ಅತ್ತಿಗೆ ಕೌಸಲ್ಯಾಳ ಜೊತೆ ಪತ್ರಿಕೆಗಳ ಚೀಲ ಹಿಡಿದು ನಡೆಯುತ್ತಾಳೆ. ಗಂಡ ಕೇಳಿದರೆ ವಾಕಿಂಗ್ ಎನ್ನುತ್ತಾಳೆ.